ಲೆಸ್ಸರ್ ಯಾರು, ಲೆಸ್ಸೀ ಯಾರು? ಸಹಿ ಹಾಕುವ ಮುಂಚೆ ಅಕ್ಷರ ನೋಡಿ

ಮಂಗಳೂರಿನ ಕೋರ್ಟ್ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ಬಾಡಿಗೆ ಕರಾರು ಹೊಸದಾಗಿ ಬರೆಯುವವರು ಕಡಿಮೆ. ಕಂಪ್ಯೂಟರಿನಲ್ಲಿರುವ ಹಳೆಯ ಫೈಲ್ ತೆರೆದು ಹೆಸರು, ಬಾಡಿಗೆ, ತಾರೀಕು ಬದಲಿಸುತ್ತಾರೆ. ಹಳೆಯ ಫೈಲಿನ ತಪ್ಪುಗಳೂ ಜೊತೆಗೇ ಬರುತ್ತವೆ. ಹಾಗಾಗಿ ಸ್ಟಾಂಪ್ ಕಾಗದದ ಮೇಲೆ ಮುದ್ರಿಸುವ ಮೊದಲು ಖಾಲಿ ಹಾಳೆಯಲ್ಲೊಂದು ಕರಡು ಪ್ರತಿ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಕಳಿಸಿದರೂ ಆಯಿತು. ಸ್ಟಾಂಪ್ ಕಾಗದಕ್ಕೆ ಏರಿದ ಮೇಲೆ ತಪ್ಪು ಕಂಡರೆ, ‘ಇರಲಿ ಬಿಡಿ, ಅರ್ಥ ಆಗ್ತದಲ್ಲ’ ಎನ್ನುವ ಮಾತೇ ಗೆಲ್ಲುವುದು.

ಕರಡು ಕೈಗೆ ಬಂದಾಗ ಮೊದಲು ಓದಬೇಕಾದದ್ದು ಹೆಸರುಗಳಿರುವ ಪ್ಯಾರಾ. ಮನೆ ಕೊಡುವವರು ಲೆಸ್ಸರ್, ಬಾಡಿಗೆಗೆ ಪಡೆಯುವವರು ಲೆಸ್ಸೀ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಮು ಇಬ್ಬರನ್ನೂ ಕರೆಯುವುದು ಹೀಗೆಯೇ. ಎಲ್, ಇ, ಎಸ್, ಎಸ್ – ಇಷ್ಟು ಎರಡಕ್ಕೂ ಸಮಾನ. ಆಮೇಲೆ ಓ, ಆರ್ ಬಂದರೆ ಮನೆಯವರು. ಇ, ಇ ಬಂದರೆ ಬಾಡಿಗೆಯವರು. ಓನರ್ ಎನ್ನುವುದರ ‘ಓ’ ನೆನಪಿಟ್ಟುಕೊಂಡರೆ ಸಾಕು.

ಇನ್ನು ಪೆನ್ಸಿಲ್ ಹಿಡಿದುಕೊಂಡು, ಯಾರೋ ಏನನ್ನೋ ಕೊಡಬೇಕು ಎಂದಿರುವ ಪ್ರತಿ ಸಾಲಿನ ಪಕ್ಕದಲ್ಲೂ ‘ಮನೆಯವರು’ ಅಥವಾ ‘ನಾವು’ ಎಂದು ಬರೆಯುತ್ತ ಹೋಗಿ. ಬಿಜೈಯ ಒಂದು ಫ್ಲಾಟ್, ತಿಂಗಳಿಗೆ 12,000 ಬಾಡಿಗೆ, 60,000 ಅಡ್ವಾನ್ಸ್ ಎಂದಿಟ್ಟುಕೊಳ್ಳಿ. ಅಡ್ವಾನ್ಸ್ ಕೊಟ್ಟದ್ದು ಬಾಡಿಗೆಯವರು ಎಂದು ಮೂರನೇ ಕಲಮಿನಲ್ಲಿ ಸರಿಯಾಗಿಯೇ ಇದೆ. ಏಳನೇ ಕಲಮಿಗೆ ಬಂದರೆ, ಮನೆ ಬಿಡುವಾಗ 60,000 ರೂಪಾಯಿಯನ್ನು ಲೆಸ್ಸೀ ಹಿಂದಿರುಗಿಸತಕ್ಕದ್ದು ಎಂದಿದೆ. ಓ, ಆರ್ ಇರಬೇಕಾದ ಕಡೆ ಇ, ಇ ಬಿದ್ದಿದೆ, ಅಷ್ಟೆ. ಪಕ್ಕದಲ್ಲಿ ‘ನಾವು’ ಎಂದು ಬರೆಯುವಾಗಲೇ ಕೈ ನಿಲ್ಲುತ್ತದೆ: ಕೊಟ್ಟವರೂ ನಾವೇ, ಹಿಂದಿರುಗಿಸುವವರೂ ನಾವೇ? ಕೋರ್ಟಿಗೆ ಹೋದರೆ ಮೂರನೇ ಕಲಮು ನೋಡಿ ಇದು ಕೈತಪ್ಪು ಎಂದು ವಾದಿಸಬಹುದು. ಆದರೆ ಅಡ್ವಾನ್ಸ್ ಕೊಡಲು ಸತಾಯಿಸುವವರಿಗೆ ಅಷ್ಟೇ ನೆಪ ಸಾಕು. ಮೆಸ್ಕಾಂ ಬಿಲ್, ಫ್ಲಾಟಿನ ಮೆಂಟೆನೆನ್ಸ್, ಪೇಂಟಿಂಗ್ ಖರ್ಚಿನ ಸಾಲುಗಳನ್ನೂ ಹೀಗೆಯೇ ನೋಡಿ.

ಕಂಪ್ಯೂಟರಿನ ಕೆಂಪು ಗೆರೆಯನ್ನು ನಂಬಿ ಕೂರಬೇಡಿ. ಓ ಬದಲು ಇ ಒತ್ತಿದರೆ ಆಗುವ ಶಬ್ದಕ್ಕೆ ಇಂಗ್ಲಿಷಿನಲ್ಲಿ ‘ಕಡಿಮೆ’ ಎಂಬ ಅರ್ಥವಿದೆ. ಸರಿಯಾದ ಶಬ್ದವೇ ಆದ್ದರಿಂದ ಗೆರೆ ಬೀಳುವುದಿಲ್ಲ. ಟೈಪ್ ಮಾಡುವವರ ಪಕ್ಕ ಕುಳಿತು, ಫೈಲಿನಲ್ಲಿ Ctrl+F ಒತ್ತಿಸಿ ಈ ಮೂರನ್ನು ಹುಡುಕಿಸಿ:

```
lesser
leasee
identity
```

ಮೊದಲ ಎರಡು ಸಿಕ್ಕಿದರೆ ತಿದ್ದಿಸಿ. ಮೂರನೆಯದು ಗುರುತಿನ ಚೀಟಿಯ ಮಾತಿನಲ್ಲಿ ಬಂದಿದ್ದರೆ ಸರಿ. ನಷ್ಟದ ಮಾತಿರುವಲ್ಲಿ ಕಂಡರೆ, ಅಲ್ಲಿ ಇಂಡೆಮ್ನಿಟಿ ಇರಬೇಕಿತ್ತು: ಐ, ಎನ್, ಡಿ, ಇ, ಎಂ, ಎನ್, ಐ, ಟಿ, ವೈ. ನಡುವೆ ಎಂ ಮತ್ತು ಎನ್ ಒಂದರ ಬೆನ್ನಿಗೊಂದು ಬರುತ್ತವೆ, ಮಧ್ಯೆ ಐ ಇಲ್ಲ. ಒಬ್ಬರಿಗೆ ಆಗುವ ನಷ್ಟವನ್ನು ಇನ್ನೊಬ್ಬರು ತುಂಬಿಕೊಡುವ ಒಪ್ಪಂದವದು. ಬಾಡಿಗೆಯವರಿಂದಾದ ಹಾನಿಗೆ ಮಾತ್ರ ಅನ್ವಯಿಸುತ್ತದೋ, ಎಲ್ಲ ಬಗೆಯ ಹಾನಿಗೋ ಎಂಬುದನ್ನು ಆ ಸಾಲಿನಲ್ಲೇ ಓದಿ. ಎಲ್ಲ ಬಗೆಯ ಹಾನಿಗೆ ಎಂದಿದ್ದರೆ, ಮಳೆಗಾಲದಲ್ಲಿ ತಾರಸಿ ಸೋರಿ ಹಾಳಾದದ್ದಕ್ಕೂ ನೀವೇ ದುಡ್ಡು ತೆರಬೇಕಾದೀತು.

ಮುಂಬೈಯ ನೆಂಟರು ಕಳಿಸಿದ ನಮೂನೆ ಬಳಸುವುದು ನಮ್ಮೂರಿನಲ್ಲಿ ಹೊಸತಲ್ಲ. ಅದರಲ್ಲಿ ಲೈಸೆನ್ಸರ್, ಲೈಸೆನ್ಸೀ ಎಂದಿರುತ್ತದೆ. ಕೊನೆಯ ಅಕ್ಷರಗಳ ಲೆಕ್ಕ ಅಲ್ಲೂ ಇದೇ. ಆದರೆ ಲೈಸೆನ್ಸಿನಲ್ಲಿ ಸಿಗುವುದು ಬಳಸುವ ಅನುಮತಿ ಮಾತ್ರ, ಲೀಸಿನಷ್ಟು ಹಕ್ಕಿಲ್ಲ. ಒಂದೇ ಕರಾರಿನಲ್ಲಿ ಎರಡೂ ಜೋಡಿ ಕಂಡರೆ ಯಾವುದಾದರೊಂದನ್ನು ಇಟ್ಟುಕೊಳ್ಳಲು ಹೇಳಿ. ಯಾವುದು ಬೇಕು ಎಂಬುದಕ್ಕೆ ವಕೀಲರನ್ನೇ ಕೇಳಿ.

ಅಫಿಡವಿಟ್ ಕರಾರಿನ ಭಾಗವಲ್ಲ, ಬೇರೆಯೇ ಕಾಗದ. ಒಬ್ಬರೇ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಎ, ಎಫ್, ಎಫ್, ಐ, ಡಿ, ಎ, ವಿ, ಐ, ಟಿ. ಎಫ್ ಎರಡು, ಡಿ ಆದ ಮೇಲೆ ಎ, ಕೊನೆಗೆ ಟಿ. ಬಾಯಿಮಾತಿನಲ್ಲಿ ‘ಅಫಿಡೆವಿಟ್’ ಎನ್ನುವುದರಿಂದ ಡಿ ಮುಂದೆ ಇ ಸೇರಿಕೊಳ್ಳುತ್ತದೆ. ಡೇವಿಡ್ ಹೆಸರಿನ ಹಾಗೆ ಡಿಯಲ್ಲಿ ಮುಗಿಸಿದ್ದೂ ಉಂಟು. ಶೀರ್ಷಿಕೆಯ ಇಂಥ ತಪ್ಪಿನಿಂದ ಸಾಮಾನ್ಯವಾಗಿ ಕಾಗದ ಬಿದ್ದುಹೋಗುವುದಿಲ್ಲ. ಹೆಸರು, ಇನಿಶಿಯಲ್, ವಿಳಾಸ ಆಧಾರಿನಲ್ಲಿರುವಂತೆ ಇವೆಯೇ ಎಂದು ನೋಡುವುದು ಹೆಚ್ಚು ಮುಖ್ಯ. ಸಹಿಯನ್ನು ಮನೆಯಲ್ಲೇ ಹಾಕಿ ತರಬೇಡಿ, ನೋಟರಿಯ ಎದುರಲ್ಲೇ ಹಾಕಿ.

ಇಷ್ಟಾಗಿಯೂ ಸ್ಟಾಂಪ್ ಕಾಗದದಲ್ಲಿ ಒಂದಕ್ಷರ ತಪ್ಪಿದರೆ ವೈಟ್ನರ್ ಮುಟ್ಟಬೇಡಿ. ತಪ್ಪು ಶಬ್ದ ಕಾಣುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಇಬ್ಬರೂ ಚುಟುಕು ಸಹಿ ಹಾಕಬೇಕು. ನಿಮ್ಮ ಪ್ರತಿಯಲ್ಲಿ, ಮನೆಯವರ ಪ್ರತಿಯಲ್ಲಿ, ಎರಡರಲ್ಲೂ.