ಒಂದೇ ಫೋಟೋ: ಒಮ್ಮೆ ನೆಗೆಟಿವ್‌ನಿಂದ, ಒಮ್ಮೆ ಪ್ರಿಂಟ್‌ನಿಂದ

ಮನೆಯ ಹಳೇ ಫೋಟೋಗಳನ್ನು ಕಂಪ್ಯೂಟರ್‌ಗೆ ಹಾಕಲು ಕೂತಾಗ ನನ್ನ ಮುಂದೆ ಎರಡು ದಾರಿ ಇದ್ದವು. ಆಲ್ಬಮ್‌ನಲ್ಲಿರುವ ಪ್ರಿಂಟ್‌ಗಳ ಫೋಟೋ ತೆಗೆಯುವುದು ಒಂದು. ಕವರ್‌ಗಳಲ್ಲಿ ಉಳಿದಿದ್ದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಒಂದೊಂದು ಫ್ರೇಮ್‌ಗೂ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕೊಟ್ಟರೆ ನಿಜಕ್ಕೂ ಏನು ಸಿಗುತ್ತದೆ ಎಂದು ತಿಳಿಯಲು ಒಂದೇ ಫೋಟೋವನ್ನು ಎರಡೂ ರೀತಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ.

ಅದು ಕಪ್ಪು-ಬಿಳುಪು ಗ್ರೂಪ್ ಫೋಟೋ. 35 ಎಂಎಂ ಫಿಲ್ಮ್, 400 ಸ್ಪೀಡಿನದು. ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಹಿಂದೆ ಕಿಟಕಿ, ಅದಕ್ಕೆ ಬಿಳಿ ಪರದೆ. ಪ್ರಿಂಟ್ 4×6 ಇಂಚಿನದು, ಹೊಳೆಯುವ ಕಾಗದ, ಸುತ್ತ ತೆಳುವಾದ ಬಿಳಿ ಅಂಚು.

ಪ್ರಿಂಟನ್ನು ಮೇಜಿನ ಮೇಲಿಟ್ಟು, 24 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ ಹಾಕಿ ನೇರ ಮೇಲಿನಿಂದ ತೆಗೆದೆ. ಎರಡು ಬದಿಯಿಂದ 45 ಡಿಗ್ರಿ ಕೋನದಲ್ಲಿ ಎರಡು ಲೈಟ್, ಅಪರ್ಚರ್ ಎಫ್8. ಕ್ಯಾಮೆರಾ ಪ್ರಿಂಟಿಗೆ ಸಮನಾಗಿದೆಯಾ ಅಂತ ನೋಡಲು ಸುಲಭದ ಉಪಾಯವಿದೆ. ಪ್ರಿಂಟ್ ಮೇಲೆ ಚಪ್ಪಟೆ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಸರಿ ಇದೆ ಎಂದರ್ಥ.

ನೆಗೆಟಿವನ್ನು ಫಿಲ್ಮ್ ಸ್ಕ್ಯಾನರಿನಲ್ಲಿ 4000 ಡಿಪಿಐಗೆ, ಅಂದರೆ ಇಂಚಿಗೆ 4000 ಪಿಕ್ಸೆಲ್‌ಗೆ ಇಟ್ಟು, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿದೆ. ಶಾರ್ಪನಿಂಗ್ ಆಫ್. ಇನ್‌ಫ್ರಾರೆಡ್ ಧೂಳು ತೆಗೆಯುವ ಆಯ್ಕೆಯೂ ಆಫ್. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಆಗಿರುವುದೇ ಬೆಳ್ಳಿಯಿಂದ, ಆ ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಸ್ಕ್ಯಾನರ್ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸಲು ಹೋಗುತ್ತದೆ. ಹಾಗಾಗಿ ಬ್ಲೋವರ್‌ನಿಂದ ಗಾಳಿ ಊದಿ ಧೂಳು ತೆಗೆಯುವುದೇ ಮೇಲು.

ಈಗ ಲೆಕ್ಕ ನೋಡಿ. ಸ್ಕ್ಯಾನಿನಲ್ಲಿ ಬಂದದ್ದು ಸುಮಾರು 5670×3780, ಅಂದರೆ 21 ಮೆಗಾಪಿಕ್ಸೆಲ್. ಕ್ಯಾಮೆರಾದಲ್ಲಿ ಬಂದದ್ದು 6000×4000. ಪಿಕ್ಸೆಲ್ ಎಣಿಸಿದರೆ ಪ್ರಿಂಟಿನ ಫೋಟೋದ್ದೇ ಜಾಸ್ತಿ. ಆದರೆ ತೆರೆದು ನೋಡಿದರೆ ಕಥೆಯೇ ಬೇರೆ.

ಸಾಲಿನ ಕೊನೆಯಲ್ಲಿ ನಿಂತಿರುವ ಅಜ್ಜಿಯ ಮುಖವನ್ನೇ ತೆಗೆದುಕೊಳ್ಳೋಣ. ನೆಗೆಟಿವ್ ಮೇಲೆ ಅದರ ಅಗಲ ಸುಮಾರು ಒಂದೂವರೆ ಮಿಲಿಮೀಟರ್. 4000 ಡಿಪಿಐ ಅಂದರೆ ಅಷ್ಟರಲ್ಲಿ 236 ಪಿಕ್ಸೆಲ್. ಪ್ರಿಂಟ್ ಮಾಡುವಾಗ ಚಿತ್ರ ಸುಮಾರು ನಾಲ್ಕು ಪಟ್ಟು ದೊಡ್ಡದಾಗಿದೆ, ಮುಖ ಕಾಲು ಇಂಚು ಆಗಿದೆ. ಅದನ್ನು ಕ್ಯಾಮೆರಾ 250 ಪಿಕ್ಸೆಲ್‌ಗಳಲ್ಲಿ ಹಿಡಿದಿದೆ. ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಇಂಥ ಸಣ್ಣ ಪ್ರಿಂಟಿನಲ್ಲಿ ಇರುವ ವಿವರ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್‌ನಲ್ಲೇ ಹೆಚ್ಚುಕಡಿಮೆ ಹಿಡಿಸಿಬಿಡುತ್ತದೆ. ಅಂದರೆ ಆ ಮುಖಕ್ಕೆ ಕಾಗದದ ಮೇಲೆ ಇರುವುದು 75 ಪಿಕ್ಸೆಲ್‌ನಷ್ಟು ವಿವರ ಮಾತ್ರ. ಉಳಿದದ್ದೆಲ್ಲ ಅದನ್ನೇ ಹಿಗ್ಗಿಸಿದ್ದು. ಸ್ಕ್ಯಾನಿನಲ್ಲಿ ಅಜ್ಜಿಯ ಕನ್ನಡಕದ ಫ್ರೇಮು, ಅದರ ಒಳಗಿನ ರೆಪ್ಪೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಪ್ರಿಂಟಿನ ಫೋಟೋದಲ್ಲಿ ಅವೆರಡೂ ಸೇರಿ ಒಂದು ಕಪ್ಪು ಗೆರೆ ಆಗಿವೆ. ಇನ್ನೂ ದೊಡ್ಡ ಕ್ಯಾಮೆರಾ ತಂದರೂ ಆ ಗೆರೆ ಎರಡಾಗಲ್ಲ.

ಇನ್ನೊಂದು ವ್ಯತ್ಯಾಸ ಪರದೆಯಲ್ಲಿ ಸಿಕ್ಕಿತು. ಪ್ರಿಂಟಿನಲ್ಲಿ ಕಿಟಕಿ ಇರುವ ಜಾಗ ಖಾಲಿ ಕಾಗದದ ಹಾಗೆ ಬೆಳ್ಳಗಿದೆ. ನೆಗೆಟಿವಿನಲ್ಲಿ ಅದೇ ಜಾಗ ತುಂಬ ಕಪ್ಪಾಗಿದೆ, ಆದರೆ ಒಂದೇ ಸಮನೆ ಕಪ್ಪಲ್ಲ. ಸ್ಕ್ಯಾನ್ ಮಾಡಿ ಆ ಭಾಗದ ಬೆಳಕನ್ನು ಸ್ವಲ್ಪ ಇಳಿಸಿದಾಗ ಪರದೆಯ ಮಡಿಕೆಗಳು ಒಂದೊಂದಾಗಿ ಬಂದವು. ನೆಗೆಟಿವ್ ಬೆಳಕಿನ ಹೆಚ್ಚುಕಡಿಮೆಯನ್ನು ಒತ್ತಿ, ಕಡಿಮೆ ಕಾಂಟ್ರಾಸ್ಟಿನಲ್ಲಿ ಇಟ್ಟುಕೊಳ್ಳುತ್ತದೆ. ಕಾಗದದ ಕಾಂಟ್ರಾಸ್ಟ್ ಜಾಸ್ತಿ. ಪ್ರಿಂಟ್ ಮಾಡುವವರು ಮುಖಗಳು ಸರಿ ಬರಲಿ ಅಂತ ಬೆಳಕು ಕೊಟ್ಟಾಗ ಪರದೆಯ ವಿವರ ಕಾಗದಕ್ಕೆ ಇಳಿಯಲೇ ಇಲ್ಲ. ಕಾಗದದಲ್ಲಿ ಇಲ್ಲದ್ದನ್ನು ಕ್ಯಾಮೆರಾ ಎಲ್ಲಿಂದ ತಂದೀತು?

ಇನ್ನು ಗ್ರೇನ್, ಅಂದರೆ ಫಿಲ್ಮಿನ ಬೆಳ್ಳಿ ಕಣಗಳಿಂದ ಚಿತ್ರದಲ್ಲಿ ಕಾಣುವ ಚುಕ್ಕಿಗಳು. ಸ್ಕ್ಯಾನನ್ನು ಅಕ್ಕನಿಗೆ ತೋರಿಸಿದಾಗ ಅವಳು ಹೇಳಿದ ಮೊದಲ ಮಾತು, "ಇದೇನೋ ಇಷ್ಟು ಚುಕ್ಕಿ ಚುಕ್ಕಿ? ಪ್ರಿಂಟೇ ಚೆನ್ನಾಗಿದೆ ಅಲ್ವಾ?" ಅವಳು ನೋಡುತ್ತಿದ್ದದ್ದು ಸ್ಕ್ರೀನಿನಲ್ಲಿ ನೂರಕ್ಕೆ ನೂರು ಸೈಜಿನಲ್ಲಿ. ಸ್ಕ್ರೀನಿನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್ ಇದ್ದರೆ, 4000 ಡಿಪಿಐ ಸ್ಕ್ಯಾನ್ ನೆಗೆಟಿವನ್ನು 40 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಪೂರ್ತಿ ಚಿತ್ರ ಕಾಣಬೇಕೆಂದರೆ ಸುಮಾರು ಒಂದೂವರೆ ಮೀಟರ್ ಅಗಲದ ಸ್ಕ್ರೀನ್ ಬೇಕು. ಪ್ರಿಂಟ್ ಹಿಗ್ಗಿರುವುದು ನಾಲ್ಕೇ ಪಟ್ಟು. ಹಾಗಾಗಿ ಈ ಹೋಲಿಕೆ ಸರಿಯಲ್ಲ. ಸ್ಕ್ಯಾನನ್ನು 1800×1200ಕ್ಕೆ ಇಳಿಸಿ ತೋರಿಸಿದೆ. ಗ್ರೇನ್ ಹೆಚ್ಚುಕಮ್ಮಿ ಮಾಯವಾಯಿತು, ಅಜ್ಜಿಯ ಮುಖ ಮಾತ್ರ ಪ್ರಿಂಟಿಗಿಂತ ಚೊಕ್ಕವಾಗಿಯೇ ಉಳಿಯಿತು.

ಪ್ರಿಂಟಿನ ಫೋಟೋದಲ್ಲೂ ಒಂದು ಥರದ ಗ್ರೇನ್ ಕಾಣುತ್ತದೆ. ಅದು ಫಿಲ್ಮಿನದಾ, ಕಾಗದದ್ದಾ ಎಂದು ತಿಳಿಯಬೇಕಾದರೆ ಬಿಳಿ ಅಂಚನ್ನು ನೋಡಿ. ಫಿಲ್ಮ್ ಗ್ರೇನ್ ಎದ್ದು ಕಾಣುವುದು ನಡುವಿನ ಬೂದು ಬಣ್ಣದಲ್ಲಿ: ಗೋಡೆ, ಆಕಾಶ, ಕೆನ್ನೆ. ಅಂಚಿನಲ್ಲಿ ಚಿತ್ರವೇ ಇಲ್ಲ, ಅಲ್ಲಿ ಫಿಲ್ಮ್ ಗ್ರೇನ್ ಇರಲು ಸಾಧ್ಯವಿಲ್ಲ. ಅಲ್ಲೂ ಅದೇ ಚುಕ್ಕಿಗಳಿದ್ದರೆ ಅವು ಕಾಗದದ ತರಿ, ಇಲ್ಲವೇ ಕ್ಯಾಮೆರಾದ ನಾಯ್ಸ್. ಒಂದು ಲೈಟ್ ಆರಿಸಿ ಇನ್ನೊಮ್ಮೆ ತೆಗೆಯಿರಿ. ಚುಕ್ಕಿಗಳ ನೆರಳು ಒಂದೇ ಕಡೆಗೆ ವಾಲಿದರೆ ಅದು ಕಾಗದವೇ. ನನ್ನ ಕೆಲವು ಪ್ರಿಂಟ್‌ಗಳು ಜೇನುಗೂಡಿನ ಹಾಗೆ ತರಿ ಇರುವ ಸಿಲ್ಕ್ ಕಾಗದದಲ್ಲಿವೆ. ಅವುಗಳಲ್ಲಿ ಈ ಕಾಟ ತುಂಬ ಜಾಸ್ತಿ, ಸಣ್ಣ ಮುಖಗಳನ್ನು ಆ ತರಿ ನುಂಗಿಬಿಡುತ್ತದೆ.

ಸ್ಕ್ಯಾನಿನಲ್ಲಿ ಕಾಣುವ ಗ್ರೇನನ್ನೂ ಹಾಗೇ ನಂಬಬಾರದು. 4000 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ ಆರು ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿ. ಬೆಳ್ಳಿಯ ಕಣಗಳು ಅದಕ್ಕಿಂತ ಚಿಕ್ಕವು. ನಮಗೆ ಕಾಣುವುದು ಆ ಕಣಗಳ ಗುಂಪು. ಸ್ಕ್ಯಾನಿನ ಪಿಕ್ಸೆಲ್ ಈ ಗುಂಪುಗಳಷ್ಟೇ ದೊಡ್ಡದಾದಾಗ ಎರಡೂ ಒಂದಕ್ಕೊಂದು ತಾಕಲಾಡಿ, ಗ್ರೇನ್ ಇದ್ದದ್ದಕ್ಕಿಂತ ಒರಟಾಗಿ ಕಾಣುತ್ತದೆ. ಇದೇ ಗ್ರೇನ್ ಅಲಿಯಾಸಿಂಗ್. ಇದೇ ಫ್ರೇಮನ್ನು 2000 ಡಿಪಿಐಗೆ ನೇರ ಸ್ಕ್ಯಾನ್ ಮಾಡಿದಾಗ ಗೋಡೆ ಮರಳು ಎರಚಿದಂತಿತ್ತು. 4000ದಲ್ಲಿ ಮಾಡಿ ಆಮೇಲೆ ಅರ್ಧಕ್ಕೆ ಇಳಿಸಿದ್ದರಲ್ಲಿ ಗೋಡೆ ನಯವಾಗಿತ್ತು. ಕೊನೆಗೆ ಚಿಕ್ಕ ಫೈಲ್ ಸಾಕು ಅನ್ನುವವರೂ ದೊಡ್ಡದಾಗಿ ಸ್ಕ್ಯಾನ್ ಮಾಡಿ ಇಳಿಸುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ.

ಆದರೆ ಸ್ಕ್ಯಾನರ್ ಪೆಟ್ಟಿಗೆಯ ಮೇಲೆ ಬರೆದ ಡಿಪಿಐ ನಂಬಿ ಕೂರಬೇಡಿ. ಎಷ್ಟೋ ಫ್ಲಾಟ್‌ಬೆಡ್‌ಗಳಲ್ಲಿ 6400 ಎಂದಿರುತ್ತದೆ, ಲೆನ್ಸ್ ನಿಜಕ್ಕೂ ಬಿಡಿಸಿ ತೋರಿಸುವುದು ಅದರ ಅರ್ಧಕ್ಕಿಂತ ಕಮ್ಮಿ. ಪರೀಕ್ಷೆ ಸುಲಭ. ಫೈಲನ್ನು ಅರ್ಧಕ್ಕೆ ಇಳಿಸಿ, ಮತ್ತೆ ಮೊದಲಿನ ಅಳತೆಗೆ ಹಿಗ್ಗಿಸಿ. ಮೂಲದ ಪಕ್ಕ ಇಟ್ಟಾಗ ಏನೂ ಕಳೆದಂತೆ ಕಾಣದಿದ್ದರೆ ಆ ಅರ್ಧ ಸುಮ್ನೆ ತುಂಬಿದ್ದು. ಮೂಲೆಯಲ್ಲಿ ಗ್ರೇನ್ ಮಸುಕಾಗಿ ನಡುವೆ ಮಾತ್ರ ಚೂಪಾಗಿದ್ದರೆ ತಪ್ಪು ಸ್ಕ್ಯಾನರಿನದೇ ಆಗಬೇಕೆಂದಿಲ್ಲ, ಫಿಲ್ಮ್ ಬಾಗಿದ್ದರೂ ಹೀಗೇ ಆಗುತ್ತದೆ. ಪುಸ್ತಕದ ಅಡಿ ಒಂದೆರಡು ದಿನ ಇಟ್ಟು ಚಪ್ಪಟೆ ಮಾಡಿಕೊಳ್ಳಿ.

ಇಷ್ಟಾದರೂ ಪ್ರಿಂಟಿನ ಫೋಟೋವನ್ನು ನಾನು ಬಿಸಾಡಿಲ್ಲ. ಮುಖ ಎಷ್ಟು ಬೆಳ್ಳಗಿರಬೇಕು, ನೆರಳು ಎಷ್ಟು ಕಪ್ಪಗಿರಬೇಕು ಎಂದು ಆಗ ತೀರ್ಮಾನಿಸಿದ್ದು ಅದರಲ್ಲೇ ಇದೆ. ನೆಗೆಟಿವ್ ಅದನ್ನು ಹೇಳುವುದಿಲ್ಲ. ಸ್ಕ್ಯಾನಿನ ಟೋನ್ ಹೊಂದಿಸುವಾಗ ಪ್ರಿಂಟಿನ ಫೋಟೋ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಪರದೆಯ ಮಡಿಕೆಗಳನ್ನು ಉಳಿಸಿಕೊಂಡು, ಮುಖಗಳನ್ನು ಪ್ರಿಂಟಿನಷ್ಟೇ ಬೆಳಕಿಗೆ ತರುತ್ತೇನೆ. ಶಾರ್ಪನಿಂಗ್ ಮಾಡುವುದು ಬೇಕಾದ ಅಳತೆಗೆ ಇಳಿಸಿದ ಮೇಲಷ್ಟೇ, ಮೊದಲೇ ಮಾಡಿದರೆ ಗ್ರೇನೇ ಚೂಪಾಗುತ್ತದೆ. ತಿದ್ದದ ಮೂಲ ಸ್ಕ್ಯಾನ್ 16 ಬಿಟ್ ಟಿಫ್ ಆಗಿ ಸುಮಾರು 43 ಎಂಬಿ ಇರುತ್ತದೆ. ಅದನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ.