ಸಿಎಸ್‌ಎಂ ಆಫ್ ಮಾಡಿದ ಮೇಲೆ ವಿಂಡೋಸ್ 7 ಏಕೆ ಏಳುವುದಿಲ್ಲ?

ಪರಿಚಯದವರೊಬ್ಬರ ಸಣ್ಣ ಮುದ್ರಣಾಲಯದಲ್ಲಿ ಡಿಟಿಪಿ ಕೆಲಸಕ್ಕೆ ಮೀಸಲಾದ ಒಂದು ಕಂಪ್ಯೂಟರ್ ಇದೆ. ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರ್ ಇರುವ ಆ ಯಂತ್ರದಲ್ಲಿ 500 ಜಿಬಿಯ ಹಾರ್ಡ್‌ಡಿಸ್ಕ್‌ನಲ್ಲಿ ವಿಂಡೋಸ್ 7, ಅದರೊಳಗೆ ಪೇಜ್‌ಮೇಕರ್, ನುಡಿ ಅಕ್ಷರಗಳು ಮತ್ತು ಹತ್ತು ವರ್ಷಗಳ ಲಗ್ನಪತ್ರಿಕೆ, ಕರಪತ್ರಗಳ ಫೈಲುಗಳಿದ್ದವು. ಹೊಸ ಕೆಲಸಗಳಿಗೆಂದು 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ವಿಂಡೋಸ್ 10 ಕೂರಿಸಿಕೊಂಡಿದ್ದರು. ಕೆಲವು ತಿಂಗಳು ಎರಡೂ ಚೆನ್ನಾಗಿ ನಡೆದವು. ಆಮೇಲೆ ಒಬ್ಬರು, ನಂಬಿಕಸ್ತ ಸಹಿಯಿರುವ ಬೂಟ್ ಪ್ರೋಗ್ರಾಮುಗಳನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಮಾಡಬೇಕೆಂದು ಬಯೋಸ್‌ನೊಳಗೆ ಹೋಗಿ, ಅದಕ್ಕೆ ಅಡ್ಡವಾಗಿದ್ದ ಸಿಎಸ್‌ಎಂ ಎಂಬ ಆಯ್ಕೆಯನ್ನು ಆಫ್ ಮಾಡಿದರು. ಮರುದಿನ ಬೆಳಿಗ್ಗೆ ಬೂಟ್ ಪಟ್ಟಿಯಲ್ಲಿ ಹಳೆಯ ಹಾರ್ಡ್‌ಡಿಸ್ಕ್‌ನ ಹೆಸರೇ ಇರಲಿಲ್ಲ. ಡಿಸ್ಕ್ ಸತ್ತಿತೆಂದು ಮನೆಯವರೆಲ್ಲ ಕಂಗಾಲಾದರು.

ಡಿಸ್ಕ್ ಸತ್ತಿರಲಿಲ್ಲ. ವಿಂಡೋಸ್ 10ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಅದರ ಫೋಲ್ಡರ್‌ಗಳೆಲ್ಲ ಇದ್ದ ಹಾಗೆಯೇ ಇದ್ದವು. ಬೂಟ್ ಪಟ್ಟಿಯಲ್ಲಿ ಕಾಣದ ಡಿಸ್ಕ್ ಇನ್ನೊಂದು ವಿಂಡೋಸ್‌ನೊಳಗೆ ಕಾಣುತ್ತಿದೆ ಎಂದಾದರೆ ಮೊದಲು ಅನುಮಾನ ಪಡಬೇಕಾದದ್ದು ಡಿಸ್ಕನ್ನಲ್ಲ, ಸಿಎಸ್‌ಎಂ ಆಯ್ಕೆಯನ್ನು.

ಸಿಎಸ್‌ಎಂ ಮಾಡುವ ಕೆಲಸ

ಸಿಎಸ್‌ಎಂ ಎಂದರೆ ಕಂಪ್ಯಾಟಿಬಿಲಿಟಿ ಸಪೋರ್ಟ್ ಮಾಡ್ಯೂಲ್. ಈಗಿನ ಮದರ್‌ಬೋರ್ಡ್‌ಗಳಲ್ಲಿ ನಾವು ರೂಢಿಯಿಂದ ಬಯೋಸ್ ಎಂದು ಕರೆಯುವುದು ನಿಜವಾಗಿ ಯುಇಎಫ್‌ಐ ಎಂಬ ಬೇರೆಯೇ ಫರ್ಮ್‌ವೇರ್. ಹಳೆಯ ಬಯೋಸ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಅನ್ನು ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಅಧಿಕಾರ ಬಿಟ್ಟುಕೊಡುತ್ತಿತ್ತು. ಯುಇಎಫ್‌ಐ ಹಾಗೆ ಮಾಡುವುದಿಲ್ಲ. ಅದು ಡಿಸ್ಕಿನಲ್ಲಿ ಇದಕ್ಕೆಂದೇ ಇರುವ ಫ್ಯಾಟ್ ಮಾದರಿಯ ಪಾರ್ಟಿಷನ್ ಹುಡುಕಿ, ಅದರೊಳಗಿನ `.efi` ಫೈಲನ್ನು ಚಾಲೂ ಮಾಡುತ್ತದೆ. ಹಳೆಯ ಪದ್ಧತಿಯನ್ನು ನಂಬಿಕೊಂಡ ಆಪರೇಟಿಂಗ್ ಸಿಸ್ಟಂಗಳಿಗಾಗಿ ಯುಇಎಫ್‌ಐ ಒಳಗೇ ಬಯೋಸ್‌ನ ಸೇವೆಗಳನ್ನು ಒದಗಿಸುವ ಭಾಗವೇ ಸಿಎಸ್‌ಎಂ.

ಈ ಸೇವೆಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಹಳೆಯ ರೀತಿಯಲ್ಲಿ ಡಿಸ್ಕ್ ಓದಿ ಬೂಟ್ ಮಾಡುವುದು. ಇನ್ನೊಂದು, ಪರದೆಯ ಮೇಲೆ ಚಿತ್ರ ಮೂಡಿಸಲು ಹಳೆಯ ಬಯೋಸ್ ಕೊಡುತ್ತಿದ್ದ `INT 10h` ಎಂಬ ಸೇವೆ. ಮೊದಲನೆಯದನ್ನು ಹಲವರು ಬಲ್ಲರು. ಎರಡನೆಯದು ಗೊತ್ತಿಲ್ಲದ ಕಾರಣಕ್ಕೇ ವಿಂಡೋಸ್ 7ರ ವಿಷಯದಲ್ಲಿ ಬಹಳ ಮಂದಿ ಗಂಟೆಗಟ್ಟಲೆ ಸಮಯ ಕಳೆಯುತ್ತಾರೆ.

ಮೂರು ಕಡೆ ನಿಂತ ಕೆಲಸ

ಮುದ್ರಣಾಲಯದ ಯಂತ್ರದಲ್ಲಿ ಮೊದಲು ಕಾಣೆಯಾದದ್ದು ಹಾರ್ಡ್‌ಡಿಸ್ಕ್. ಅದು ಪಾರ್ಟಿಷನ್‌ಗಳ ವಿವರ ಬರೆದಿಡುವ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ಭಾಗವಾಗಿತ್ತು ಮತ್ತು ಅದರಲ್ಲಿ `.efi` ಫೈಲುಗಳಿರುವ ಪಾರ್ಟಿಷನ್ ಇರಲಿಲ್ಲ. ಆದ್ದರಿಂದ ಸಿಎಸ್‌ಎಂ ಇಲ್ಲದ ಫರ್ಮ್‌ವೇರ್‌ನ ಕಣ್ಣಿಗೆ ಅದರಲ್ಲಿ ಬೂಟ್ ಮಾಡಲು ಏನೂ ಇಲ್ಲ. ಯಂತ್ರದಲ್ಲಿ ಆ ಒಂದೇ ಡಿಸ್ಕ್ ಇದ್ದಿದ್ದರೆ `Reboot and Select proper Boot device` ಎಂಬ ಸಾಲನ್ನು ನೋಡಬೇಕಾಗುತ್ತಿತ್ತು, ಇಲ್ಲವೇ ಯಂತ್ರ ತಾನೇ ಮತ್ತೆ ಮತ್ತೆ ಬಯೋಸ್ ಪುಟಕ್ಕೆ ಬಂದು ನಿಲ್ಲುತ್ತಿತ್ತು.

ಬಳಿಕ ಅವರು ವಿಂಡೋಸ್ 7 ಅನ್ನು ಹೊಸದಾಗಿ ಹಾಕಲು ತಮ್ಮ ಹಳೆಯ ಪೆನ್‌ಡ್ರೈವ್ ಚುಚ್ಚಿದರು. ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಬಯೋಸ್‌ಗೆಂದೇ ತಯಾರಿಸಿದ್ದ ಆ ಪೆನ್‌ಡ್ರೈವ್ ಕೂಡ ಪಟ್ಟಿಗೆ ಬರಲಿಲ್ಲ. ಯುಇಎಫ್‌ಐ ಪೆನ್‌ಡ್ರೈವ್‌ನಲ್ಲಿ ಹುಡುಕುವುದು `\efi\boot\bootx64.efi` ಎಂಬ ಫೈಲನ್ನು. ವಿಂಡೋಸ್ 7ರ 64 ಬಿಟ್ ಡಿವಿಡಿಯನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ನಕಲು ಮಾಡಿದರೆ ಆ ಜಾಗದಲ್ಲಿ ಆ ಹೆಸರಿನ ಫೈಲ್ ಇರುವುದಿಲ್ಲ. 32 ಬಿಟ್ ವಿಂಡೋಸ್ 7ರಲ್ಲಂತೂ ಯುಇಎಫ್‌ಐ ಬೂಟ್ ಎಂಬುದೇ ಇಲ್ಲ. ವಿಂಡೋಸ್ ಎಕ್ಸ್‌ಪಿ ಮತ್ತು ಡಾಸ್ ಆಧಾರದ ಹಳೆಯ ರಿಪೇರಿ ಸಿಡಿಗಳ ಪಾಡೂ ಇದೇ.

ಮೂರನೆಯ ಪ್ರಯತ್ನದಲ್ಲಿ, ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಪೆನ್‌ಡ್ರೈವ್ ಅನ್ನು ಫ್ಯಾಟ್32ಕ್ಕೆ ಬದಲಿಸಿ, ಬೇಕಾದ ಫೈಲನ್ನೂ ಸರಿಯಾದ ಜಾಗದಲ್ಲಿ ಇಟ್ಟ. ಈಗ ಪಟ್ಟಿಯಲ್ಲಿ `UEFI:` ಎಂಬ ಮುನ್ನುಡಿಯೊಂದಿಗೆ ಪೆನ್‌ಡ್ರೈವ್‌ನ ಹೆಸರು ಬಂತು. ಸೆಕ್ಯೂರ್ ಬೂಟ್ ಅನ್ನು ವಿಂಡೋಸ್ 7 ಒಪ್ಪದ ಕಾರಣ ಅದನ್ನೂ ಆಫ್ ಮಾಡಿದ. ಫೈಲುಗಳು ಲೋಡ್ ಆದವು, `Starting Windows` ಎಂಬ ಅಕ್ಷರಗಳು ಮೂಡಿದವು, ಯಂತ್ರ ಅಲ್ಲೇ ನಿಂತಿತು. ಅರ್ಧ ಗಂಟೆ ಕಾದರೂ ಮುಂದೆ ಹೋಗಲಿಲ್ಲ. ರ್‍ಯಾಮ್ ಬದಲಿಸಿದರು, ಪೆನ್‌ಡ್ರೈವ್ ಬದಲಿಸಿದರು, ಅದೇ ಪರದೆ.

ಇದು ಎರಡನೆಯ ಸೇವೆ ಇಲ್ಲದ್ದರಿಂದ ಆದದ್ದು. 64 ಬಿಟ್ ವಿಂಡೋಸ್ 7ರ ಬೂಟ್ ಲೋಡರ್‌ಗೆ ಯುಇಎಫ್‌ಐ ಗೊತ್ತು. ಆದರೆ ಪರದೆಯನ್ನು ನಿಭಾಯಿಸುವ ಅದರ ಮೂಲ ಡ್ರೈವರ್ ಆಮೇಲೂ `INT 10h` ಅನ್ನೇ ಕೇಳುತ್ತದೆ. ಸಿಎಸ್‌ಎಂ ಆಫ್ ಆಗಿದ್ದರೆ ಆ ಕೇಳಿಕೆಗೆ ಉತ್ತರ ಕೊಡುವವರಿಲ್ಲ. ವಿಂಡೋಸ್ 8ರಿಂದ ಈಚಿನವು ಯುಇಎಫ್‌ಐನ ಗ್ರಾಫಿಕ್ಸ್ ವ್ಯವಸ್ಥೆಯನ್ನೇ ನೇರವಾಗಿ ಬಳಸುವುದರಿಂದ ಅವುಗಳಿಗೆ ಈ ತೊಂದರೆಯಿಲ್ಲ. ಹೀಗಾಗಿ ‘ಯುಇಎಫ್‌ಐ ಬೂಟ್ ಬೆಂಬಲಿಸುತ್ತದೆ’ ಎಂಬ ಮಾತನ್ನೂ ‘ಸಿಎಸ್‌ಎಂ ಇಲ್ಲದೆ ನಡೆಯುತ್ತದೆ’ ಎಂಬ ಮಾತನ್ನೂ ಒಂದೇ ಎಂದು ತಿಳಿಯಬಾರದು. ವಿಂಡೋಸ್ 7ರ ಮಟ್ಟಿಗೆ ಮೊದಲನೆಯದು ನಿಜ, ಎರಡನೆಯದು ಅಲ್ಲ.

ಅಲ್ಲಿಗೇ ನಿಂತದ್ದು ಅವರ ಪುಣ್ಯ. ಅವರ ಕೈಯಲ್ಲಿ ವಿಂಡೋಸ್ 10ರ ಪೆನ್‌ಡ್ರೈವ್ ಇದ್ದಿದ್ದರೆ ಅದು ಡಿಸ್ಕ್ ಆರಿಸುವ ಪುಟದವರೆಗೂ ಹೋಗಿ, ಈ ಡಿಸ್ಕ್ ಎಂಬಿಆರ್ ಮಾದರಿಯದು, ಇಲ್ಲಿ ಜಿಪಿಟಿ ಎಂಬ ಹೊಸ ಮಾದರಿಯ ಡಿಸ್ಕ್‌ನಲ್ಲಿ ಮಾತ್ರ ವಿಂಡೋಸ್ ಹಾಕಬಹುದು ಎಂಬ ಅರ್ಥದ ಸಂದೇಶ ತೋರಿಸುತ್ತಿತ್ತು. ಆ ಸಂದೇಶ ಕಂಡ ಕೂಡಲೇ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಮುಂದುವರಿಯುವ ರೂಢಿ ನಮ್ಮಲ್ಲಿ ಬಹಳ ಇದೆ. ಹಾಗೆ ಮಾಡಿದ್ದರೆ ಹತ್ತು ವರ್ಷಗಳ ಫೈಲುಗಳು ಹೋಗಿಬಿಡುತ್ತಿದ್ದವು.

ಮೊದಲು ನೋಡಿಕೊಳ್ಳಬೇಕಾದದ್ದು

ಸಿಎಸ್‌ಎಂ ಮುಟ್ಟುವ ಮೊದಲೇ, ವಿಂಡೋಸ್ 8 ಅಥವಾ ಅದರಿಂದ ಈಚಿನದು ನಡೆಯುತ್ತಿದ್ದರೆ ಅದರಲ್ಲಿ `msinfo32` ಎಂದು ಟೈಪ್ ಮಾಡಿ, ತೆರೆದ ಪಟ್ಟಿಯಲ್ಲಿ `BIOS Mode` ಎಂಬ ಸಾಲನ್ನು ನೋಡಿ. ಅಲ್ಲಿ `Legacy` ಎಂದಿದ್ದರೆ ಆ ವಿಂಡೋಸ್ ಸಿಎಸ್‌ಎಂ ಮೂಲಕವೇ ಎದ್ದಿದೆ. ಈಗ ಆಫ್ ಮಾಡಿದರೆ ಅದು ಏಳುವುದಿಲ್ಲ. ಬಳಿಕ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಗಳ ಮಾದರಿ ನೋಡಿ:

```
diskpart
list disk
exit
```

`Gpt` ಎಂಬ ಕಂಬದಲ್ಲಿ ನಕ್ಷತ್ರದ ಗುರುತು ಇದ್ದರೆ ಅದು ಜಿಪಿಟಿ ಡಿಸ್ಕ್. ಮುದ್ರಣಾಲಯದ ಯಂತ್ರದಲ್ಲಿ 465 ಜಿಬಿ ಎಂದು ಕಾಣುತ್ತಿದ್ದ ಹಳೆಯ ಡಿಸ್ಕಿನ ಮುಂದೆ ನಕ್ಷತ್ರ ಇರಲಿಲ್ಲ, 223 ಜಿಬಿ ಎಂದು ಕಾಣುತ್ತಿದ್ದ ಎಸ್‌ಎಸ್‌ಡಿಯ ಮುಂದೆ ಇತ್ತು. ಎರಡು ನಿಮಿಷದ ಈ ಪರೀಕ್ಷೆಯಿಂದಲೇ ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ ಎಂಬುದು ಮೊದಲೇ ತಿಳಿಯುತ್ತಿತ್ತು. ಡ್ರೈವ್‌ಗೆ ಬಿಟ್‌ಲಾಕರ್ ಹಾಕಿದ್ದರೆ ಅದನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಆಯ್ಕೆಗಳು ಬದಲಾದಾಗ ಅದು ಕೀ ಕೇಳುವ ಸಂಭವ ಹೆಚ್ಚು.

ಮತ್ತೆ ಚಾಲೂ ಮಾಡುವ ಕ್ರಮ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ `Delete` ಅಥವಾ `F2` ಒತ್ತಿ ಬಯೋಸ್ ಪ್ರವೇಶಿಸಬೇಕು. ಫಾಸ್ಟ್ ಬೂಟ್‌ನಿಂದಾಗಿ ಕೀ ಒತ್ತಲು ಸಮಯವೇ ಸಿಗದಿದ್ದರೆ ವಿಂಡೋಸ್ 10ರ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಿಂದ ಹೀಗೆ ಹೋಗಬಹುದು:

```
shutdown /r /fw /t 0
```

ಒಳಗೆ ಹೋದ ಮೇಲೆ ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡಿ. ಅದು ಆನ್ ಇರುವ ತನಕ ಹಲವು ಬೋರ್ಡ್‌ಗಳಲ್ಲಿ ಸಿಎಸ್‌ಎಂ ಆಯ್ಕೆ ಮಸುಕಾಗಿ ಉಳಿಯುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಬಳಿಕ `Boot` ವಿಭಾಗದಲ್ಲಿ `Launch CSM` ಅಥವಾ `CSM Support` ಎಂಬುದನ್ನು `Enabled` ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಇದೇ ಆಯ್ಕೆ `Boot mode select` ಎಂಬ ಹೆಸರಿನಲ್ಲಿದ್ದು, ಅಲ್ಲಿ `LEGACY+UEFI` ಆರಿಸಬೇಕಾಗುತ್ತದೆ. ಲೆಗಸಿ ಮಾತ್ರ ಎಂಬ ಆಯ್ಕೆ ಇದ್ದರೂ ಅದನ್ನು ಆರಿಸಬೇಡಿ. ಆಗ ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ 10 ಏಳುವುದಿಲ್ಲ. ಎರಡನ್ನೂ ಒಪ್ಪುವ ಆಯ್ಕೆಯಲ್ಲಿ ಎರಡು ಡಿಸ್ಕ್‌ಗಳೂ ತಮ್ಮ ತಮ್ಮ ಪದ್ಧತಿಯಲ್ಲೇ ಏಳುತ್ತವೆ. `F10` ಒತ್ತಿ ಉಳಿಸಿ ಹೊರಬಂದ ಮೇಲೆ, ಬೂಟ್ ಪಟ್ಟಿಯಲ್ಲಿ `Windows Boot Manager` ಎಂಬುದು ವಿಂಡೋಸ್ 10, ಮುನ್ನುಡಿಯಿಲ್ಲದೆ ಬರೀ ಹಾರ್ಡ್‌ಡಿಸ್ಕ್‌ನ ಹೆಸರಿರುವುದು ವಿಂಡೋಸ್ 7.

ನೀವು ಬಿಡಲಾಗದ ಹಳೆಯ ವ್ಯವಸ್ಥೆ ವಿಂಡೋಸ್ 7 ಆಗಿರದೆ, ಎಂಬಿಆರ್ ಡಿಸ್ಕಿನಲ್ಲಿರುವ ವಿಂಡೋಸ್ 10 ಆಗಿದ್ದರೆ ದಾರಿ ಬೇರೆ. ಅದನ್ನು ಯುಇಎಫ್‌ಐಗೆ ಒಗ್ಗಿಸಬಹುದು. 2017ರ 1703 ಆವೃತ್ತಿಯಿಂದ ವಿಂಡೋಸ್ 10ರಲ್ಲೇ ಅದಕ್ಕೆ ಬೇಕಾದ ಕಮಾಂಡ್ ಇದೆ. ಫೈಲುಗಳ ನಕಲು ತೆಗೆದಿಟ್ಟುಕೊಂಡು, ಸಿಎಸ್‌ಎಂ ಇನ್ನೂ ಆನ್ ಇರುವಾಗಲೇ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಮಾಡಿ. `0` ಇರುವ ಕಡೆ ನಿಮ್ಮ ಡಿಸ್ಕಿನ ಸಂಖ್ಯೆ ಬರೆಯಿರಿ:

```
mbr2gpt /validate /disk:0 /allowFullOS
mbr2gpt /convert /disk:0 /allowFullOS
```

ಮೊದಲ ಸಾಲು ಪರೀಕ್ಷೆ ಮಾತ್ರ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್‌ಗಳಿದ್ದರೆ ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ಅದು ವಿಫಲವಾಗುತ್ತದೆ. ಆಗ ಎರಡನೆಯ ಸಾಲಿಗೆ ಹೋಗಬೇಡಿ. ಪರಿವರ್ತನೆ ಯಶಸ್ವಿಯಾದ ಮೇಲೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಬೇಕು. ವಿಂಡೋಸ್ 7ರ ಡಿಸ್ಕಿಗೆ ಈ ಉಪಾಯ ಬೇಡವೆಂದೇ ನಾನು ಹೇಳುತ್ತೇನೆ. ಅದನ್ನು ಜಿಪಿಟಿಗೆ ಬದಲಿಸಿದರೂ `INT 10h` ಕೊರತೆ ನೀಗದು.

ಸಿಎಸ್‌ಎಂ ಆನ್ ಮಾಡಿದರೂ ಸರಿಹೋಗದಿದ್ದರೆ

2015ರ ನಂತರದ, ಇಂಟೆಲ್‌ನ 100 ಸರಣಿಯ ಚಿಪ್‌ಸೆಟ್ ಇರುವ ಬೋರ್ಡ್‌ಗಳಲ್ಲಿ ವಿಂಡೋಸ್ 7ರ ಇನ್‌ಸ್ಟಾಲರ್ ಮೊದಲ ಪುಟದವರೆಗೆ ಬಂದು, ಮೌಸ್ ಮತ್ತು ಕೀಬೋರ್ಡ್ ಎರಡೂ ಅಲುಗಾಡದೆ ಹೋಗಬಹುದು. ಅದು ಯುಎಸ್‌ಬಿ 3.0 ಡ್ರೈವರ್ ಇನ್‌ಸ್ಟಾಲರ್‌ನೊಳಗೆ ಇಲ್ಲದ ತೊಂದರೆಯೇ ಹೊರತು ಸಿಎಸ್‌ಎಂ ತೊಂದರೆಯಲ್ಲ.

ಸಿಎಸ್‌ಎಂ ಆಫ್ ಮಾಡಿದ ಮೇಲೆ ಪರದೆಯೇ ಕಪ್ಪಾಗಿ ಉಳಿದರೆ, ಯುಇಎಫ್‌ಐ ಬಲ್ಲ ಫರ್ಮ್‌ವೇರ್ ಇಲ್ಲದ ಹಳೆಯ ಗ್ರಾಫಿಕ್ಸ್ ಕಾರ್ಡ್ ಇರಬಹುದು. ಕಾರ್ಡ್ ತೆಗೆದು ಮಾನಿಟರ್‌ನ ಕೇಬಲ್ಲನ್ನು ಬೋರ್ಡಿಗೇ ಸಿಕ್ಕಿಸಿ ನೋಡಿ. ಆಗದಿದ್ದರೆ ವಿದ್ಯುತ್ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆಯಾಕಾರದ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮತ್ತೆ ಕೂರಿಸಿದರೆ ಬಯೋಸ್ ತನ್ನ ಮೂಲ ಆಯ್ಕೆಗಳಿಗೆ ಮರಳುತ್ತದೆ.

ಕೆಲವು ಹೊಸ ಯಂತ್ರಗಳಲ್ಲಿ ಆನ್ ಮಾಡಲು ಸಿಎಸ್‌ಎಂ ಇರುವುದೇ ಇಲ್ಲ. 2020ರ ಹೊತ್ತಿಗೆ ಹಳೆಯ ಬಯೋಸ್ ಬೆಂಬಲವನ್ನು ಕೈಬಿಡುವ ಉದ್ದೇಶವನ್ನು ಇಂಟೆಲ್ 2017ರಲ್ಲೇ ಪ್ರಕಟಿಸಿತ್ತು. 11ನೇ ತಲೆಮಾರಿನ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಬಳಸುವಾಗ ಲೆಗಸಿ ಬೂಟ್ ಸಿಗುವುದಿಲ್ಲ. ಅಂಥ ಯಂತ್ರ ಕೊಳ್ಳುವವರು ಹಳೆಯ ತಂತ್ರಾಂಶಕ್ಕಾಗಿ ವಿಂಡೋಸ್ 7 ಅನ್ನು ವರ್ಚುವಲ್ ಮಷೀನ್‌ನೊಳಗೆ ಕೂರಿಸಿಕೊಳ್ಳುವುದೇ ಲೇಸು. ಅಲ್ಲಿ ಬಯೋಸ್ ಅನ್ನು ವರ್ಚುವಲ್ ಮಷೀನ್‌ನ ತಂತ್ರಾಂಶವೇ ಒದಗಿಸುತ್ತದೆ.

ಮುದ್ರಣಾಲಯದ ಯಂತ್ರದಲ್ಲಿ ಸಿಎಸ್‌ಎಂ ಮತ್ತೆ ಆನ್ ಆದ ಮೊದಲ ಸಲವೇ ವಿಂಡೋಸ್ 7 ಎದ್ದಿತು. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿರುವುದರಿಂದ, ಅದರಲ್ಲಿ ಕೆಲಸ ಮಾಡುವಾಗ ನೆಟ್ ಕೇಬಲ್ ತೆಗೆದಿಡುತ್ತಾರೆ. ಬಯೋಸ್ ಬ್ಯಾಟರಿ ಬದಲಿಸಬೇಕಾಗಿ ಬಂದರೆ ಯಾವ ಆಯ್ಕೆ ಎಲ್ಲಿರಬೇಕೆಂದು ತಿಳಿಯಲಿ ಎಂದು, ಆ ಪುಟದ ಫೋಟೊ ಮುದ್ರಿಸಿ ಕ್ಯಾಬಿನೆಟ್‌ನ ಪಕ್ಕಕ್ಕೆ ಅಂಟಿಸಿದ್ದಾರೆ.