ಸೆರಗು ಮೊದಲ ಚಿತ್ರಕ್ಕೆ ಬಂದ ಮೇಲೆ

ಅಕ್ಕನ ಇಳಕಲ್ ಸೀರೆಗಳಿಗಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೊಂದಾಗಿ ಸರಿಸಿ ನೋಡುವ ಎಂಟು ಚಿತ್ರಗಳ ಕೆರೊಸೆಲ್ ಮಾಡಿದ್ದೆ. ಪೋಸ್ಟ್ ಮಾಡುವ ಮುನ್ನ ಫೋನನ್ನು ಅತ್ತಿಗೆಯ ಕೈಗಿತ್ತು, ಏನೂ ಹೇಳದೆ ಅವರ ಹೆಬ್ಬೆರಳನ್ನೇ ನೋಡುತ್ತ ಕುಳಿತೆ. ಅದು ಮೊದಲ ಚಿತ್ರದಿಂದ ಮುಂದಕ್ಕೆ ಸರಿಯಲೇ ಇಲ್ಲ. ಅಲ್ಲಿ ಇದ್ದದ್ದು ನಾನು ಹೆಮ್ಮೆಯಿಂದ ಹಾಕಿದ್ದ ಲೋಗೋ!

ಲೋಗೋವನ್ನು ಕೊನೆಗೆ ತಳ್ಳಿದೆ. ಮೊದಲ ಚಿತ್ರಕ್ಕೆ ಕೆಂಪು ಸೆರಗನ್ನು ಹತ್ತಿರದಿಂದ ತೆಗೆದು, ‘ಈ ಸೆರಗು ಒಡಲಿಗೆ ಸೇರುವುದು ಎಲ್ಲಿ?’ ಎಂದು ದಪ್ಪಕ್ಷರದಲ್ಲಿ ಬರೆದೆ. ಉತ್ತರ, ಅಂದರೆ ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸುವ ಕೊಂಡಿ, ಎರಡನೆಯದರಲ್ಲಿದೆ. 2160×1350 ಪಿಕ್ಸೆಲ್‌ನ ಒಂದೇ ಫೋಟೋವನ್ನು ನಡುವೆ ಕತ್ತರಿಸಿದ್ದರಿಂದ ಸೆರಗು ಬಲ ಅಂಚಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಕೈ ತಾನಾಗಿ ಎಳೆಯುತ್ತದೆ. ಅಕ್ಷರ ಮಾತ್ರ ಆ ಅಂಚಿಗೆ ತಾಗಬಾರದು, ಸೀಳಿಹೋಗುತ್ತದೆ.

ಇನ್ನೊಂದು ತಪ್ಪು ಅಳತೆಯದು. ಮೊದಲ ಚಿತ್ರದ ಆಕಾರಕ್ಕೇ ಇನ್‌ಸ್ಟಾಗ್ರಾಮ್ ಉಳಿದವನ್ನೂ ಕತ್ತರಿಸಿದ್ದರಿಂದ ಅಡ್ಡ ಫೋಟೋಗಳಲ್ಲಿ ಸೀರೆಯ ಅಂಚೇ ಮಾಯವಾಗಿತ್ತು. ಎಲ್ಲವನ್ನೂ 1080×1350ಕ್ಕೆ ತಂದು, ಸೀರೆಯ ಮೇಲಂಚು ಪ್ರತಿಯೊಂದರಲ್ಲೂ ಒಂದೇ ಎತ್ತರದಲ್ಲಿ ನಿಲ್ಲುವಂತೆ ಗೆರೆಯೆಳೆದು ಕೂರಿಸಿದೆ. ಬೇಗ ಬೇಗ ಸರಿಸಿ ನೋಡಿದರೆ ಐದನೆಯದು ಮಾತ್ರ ಜಿಗಿಯುತ್ತಿತ್ತು. ಅದನ್ನು ಕಿಟಕಿಯ ಬಳಿ ಮತ್ತೆ ತೆಗೆದೆ.

ಈ ಸಲ ಅತ್ತಿಗೆ ಆರನೆಯದರವರೆಗೆ ಹೋಗಿ, ಬೆಲೆ ಎಷ್ಟೆಂದು ಕೇಳಿದರು. ಬೆಲೆ ಏಳನೆಯದರಲ್ಲಿತ್ತು.